ಓದದೆ ಬಿಟ್ಟ ಸಾಲು

ನಮ್ಮ ಮಾಂಬಳ್ಳಿ ಮಲ್ಲಿಕಾರ್ಜುನಸ್ವಾಮಿ ಅವ್ನಲ್ಲ, ಪಂಪ್‌ಸೆಟ್ಟು ರಿಪೇರಿಯವ್ನು, ಅವ್ನಿಗೆ ಈಜು ಬರಕಿಲ್ಲ. ಕೆರೆ ಏರಿ ಮ್ಯಾಲೆ ನಿಂತ್ಕಂಡು ಮುಖ ತೊಳ್ಯಕ್ಕೂ ಚೊಂಬಲ್ಲಿ ಮೊಗ್ದು ಮೊಗ್ದು ಉಯ್ಕಳೋನು. ಅಂತಾವ್ನು ಸಮುದ್ರಕ್ಕೆ ಓಗಿ ಎಂಟು ವರ್ಸ ಇದ್ದ ಅಂದ್ರೆ ಯಾರು ನಂಬಾರು, ಯೋಳಿ. ಆದ್ರೂ ಇದ್ದ. ಎಂಗೆ ಅಂತ ಯೋಳ್ತೀನಿ, ಆ ಸೊಪ್ಪು ಸೋಸ್ಕಂಡೇ ಕೇಳಿ.

ಮೊದ್ಲು ಕಾಲ್ವೆ ಪಕ್ಕ, ಕೆರೆ ಪಕ್ಕ ಎಲ್ಲಾ ಸೀಮೆಎಣ್ಣೆ ಪಂಪು ಇದ್ವು. ಚಿಕ್ಕವು, ಎಗ್ಲ ಮ್ಯಾಲೆ ಒತ್ಕಂಡು ಓಗೋ ಅಂತವು. ಅವ್ಕೆ ಒಂದು ನೇಮ ಇತ್ತು. ಪೆಟ್ರೋಲಲ್ಲಿ ಚಾಲೂ ಮಾಡ್ಬೇಕು, ಇಂಜಿನ್ನು ಬಿಸಿ ಆದ್ಮ್ಯಾಲೆ ಕಾಕು ಅನ್ನೋ ನಲ್ಲಿ ತಿರುಗ್ಸಿ ಸೀಮೆಎಣ್ಣೆಗೆ ಬಿಡ್ಬೇಕು. ನಿಲ್ಸೋಕೆ ಮುಂಚೆ ತಿರ್ಗ ವಸಿ ಒತ್ತು ಪೆಟ್ರೋಲಲ್ಲಿ ಓಡುಸ್ಬೇಕು. ಇಲ್ದಿದ್ರೆ ಒಳ್ಗೆ ಕಾರ್ಬುರೇಟರ್ ಬಟ್ಲಲ್ಲಿ ಸೀಮೆಎಣ್ಣೆ ಉಳ್ಕಂಡು, ನಾಳೀಕೆ ಎಷ್ಟು ಹಗ್ಗ ಎಳೆದ್ರೂ ಕೆಮ್ಮದು ಅಷ್ಟೇ, ಏಳಕಿಲ್ಲ. ಇದ ಯೋಳಿ ಯೋಳಿ ಮಲ್ಲಿಕಾರ್ಜುನಸ್ವಾಮಿ ನಾಲ್ಗೆ ಸವೆದೋಗಿತ್ತು. "ಲೇ, ಎಂಡ್ರಿಗೆ ಯೋಳ್ದೆ ಬೇಕಾದ್ರೆ ಊರಿಗೋಗು, ಪೆಟ್ರೋಲು ಕುಡುಸ್ದೆ ಮಿಷನ್ನು ಮಲುಗುಸ್ಬ್ಯಾಡ" ಅನ್ನೋನು ರೈತ್ರಿಗೆ. ಇಂಜಿನ್ನ ಕಿವಿಯಲ್ಲೇ ನೋಡೋನು. ದೂರದಲ್ಲಿ ಬಡ್ಕತಿದ್ರೆ ಕೂತಾವಿಂದ್ಲೇ "ಅದ್ಕೆ ಪ್ಲಗ್ಗು ಮಸಿ ಇಡುದದೆ" ಅನ್ನೋನು. ನೋಡುದ್ರೆ ಅಂಗೇ ಇರೋದು.

ಆಮ್ಯಾಲೆ ಕರೆಂಟು ಮೋಟ್ರು ಬಂದ್ವು. ಸೊಸೈಟಿಲಿ ಸೀಮೆಎಣ್ಣೆ ಕೊಡದು ನಿಂತೋಯ್ತು. ಪಂಪ್ನೆಲ್ಲ ತೂಕಕ್ಕೆ ಹಾಕ್ಬುಟ್ರು. ಅವ್ನು ಅಂಗ್ಡಿ ಬಾಗ್ಲಲ್ಲಿ ಸ್ಪ್ಯಾನರ್ ಒರೆಸ್ಕಂಡು ಕೂರೋನು. ಸುಗ್ಗೀಲಿ ಕಬ್ಬಿನ ಲೋಡು ಕಟ್ಟಕೂ ಓಯ್ತಿದ್ದ. ಅದ್ರಲ್ಲೂ ಗಟ್ಟಿಗ ಅವ್ನು. ಗಾಡಿಗೆ ಕಬ್ಬು ಏರ್ಸೋದು ಅಂದ್ರೆ ಸುಮ್ಕೆ ಅಲ್ಲ ಕೂಸೇ. ಇಂದಕ್ಕೆ ಭಾರ ಬಿದ್ರೆ ನೊಗ ಮ್ಯಾಕೆದ್ದು ಎತ್ತಿನ ಕತ್ತು ಬಿಗೀತದೆ, ಗಾಡಿ ಮೂತಿ ಮ್ಯಾಕೆತ್ಕಂಡು ನಿಂತ್ಕತದೆ. ಅದ್ಕೇ ಮುಂಭಾರ ಮಾಡ್ಬೇಕು, ಒಂದು ತೂಕ ಮುಂದ್ಕೇ ಇರ್ಬೇಕು. ಅವ್ನ ಕೈ ಹಾಕಿದ್ ಗಾಡಿ ಯಾವತ್ತೂ ಮಗುಚಿದ್ದಿಲ್ಲ.

ಬೆಲ್ಲದ ಲಾರಿ ಸದಾಶಿವಪ್ಪ ಅಂತ ಒಬ್ಬ ಇದ್ದ, ನಮ್ಮೋರೇ, ಕರಾವಳಿ ಕಡೀಕೆ ಬೆಲ್ಲ ಹೊಡೆಯೋನು. ಅವ್ನು ಬಂದು ಅಂದ, "ಲೇ ಮಲ್ಲಿ, ಕುಂದಾಪುರದ ಕಡೆ ದೋಣಿಗೆಲ್ಲ ಇದೇ ನಿನ್ನ ಇಂಜಿನ್ನೇ ಕಟ್ಟವ್ರೆ ಕಣ್ಲಾ. ಪೆಟ್ರೋಲಲ್ಲಿ ಏಳದು, ಸೀಮೆಎಣ್ಣೇಲಿ ಓಡದು. ಮಾಡೋರು ಗತಿಯಿಲ್ಲ ಅಲ್ಲಿ."

"ನಾವು ಲಿಂಗ ಕಟ್ಟಿರೋರು. ಮೀನು ವಾಸ್ನೇಲಿ ಎಂಗ್ಲಾ ಇರದು?"

"ಇಂಜಿನ್ನು ಮೀನು ತಿಂದದಾ? ನೀನು ಇಂಜಿನ್ನು ತಾವ ಇರು."

ಅಂಗೆ ಹೊಂಟ. ಎಂಡ್ತಿ ಶಿವರತ್ನಮ್ಮ, ಹೊನ್ನೂರೋಳು, ಆರು ಸೇರು ರಾಗಿ ಇಟ್ಟು, ಉಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಟ್ಳು. ಆ ಚಟ್ನಿಪುಡಿ ಸಂಗ್ತಿ ಬ್ಯಾರೆ, ಅವ್ಳ ಕೈಲಿ ಎಂಗೆ ಬತ್ತಿತ್ತು ಅಂದ್ರೆ ಬರೀ ಅದ್ನೇ ನೆಂಚ್ಕಂಡು ಮೂರು ಮುದ್ದೆ ಉಣ್ಬೋದಿತ್ತು. ಇರ್ಲಿ.

ಕೋಡಿಗದ್ದೆ ಅಂತ ಆ ಊರು. ಒಂದು ಒಳೆ ಬಂದು ಸಮುದ್ರ ಸೇರ್ತದೆ, ಆ ಬಾಯಿಗೆ ಅಳಿವೆ ಅಂತಾರೆ ಅವ್ರು. ದೋಣಿಯೆಲ್ಲ ಅಳಿವೆ ದಾಟ್ಕಂಡೇ ಓಗ್ಬೇಕು, ದಾಟ್ಕಂಡೇ ಬರ್ಬೇಕು. ದಾಮೋದರ ಅಂತ ಒಬ್ಬ ದೋಣಿ ಯಜಮಾನ ಅವ್ನ ಮನೆ ಮಗ್ಗುಲ ಶೆಡ್ಡಲ್ಲಿ ಇವ್ನಿಗೆ ಜಾಗ ಕೊಟ್ಟ, ಇರಕ್ಕೂ ಅಲ್ಲೇ. ದಾಮೋದರಂಗೆ ಒಬ್ಳೇ ತಂಗಿ, ಜಲಜ ಅಂತ. ಪಕ್ಕದ ಮನೆಯೇ. ಅವ್ಳ ಗಂಡ ಶೇಖರ ಬಾವನ ಜೊತೆ ಒಂದೇ ದೋಣೀಲಿ ಓಯ್ತಿದ್ದ. ಎರಡು ಮನೆ ಮಧ್ಯ ಬೇಲಿ ಇತ್ತು, ಅದ್ಕೆ ಒಂದು ಕಂಡಿ ಇತ್ತು. ಅಣ್ಣ ಈ ಕಡೆಯಿಂದ "ಜಲಜಾ" ಅಂದ್ರೆ ಆ ಕಡೆಯಿಂದ ಗಂಜಿ ಬತ್ತಿತ್ತು. ಅಂತಾ ಅಣ್ಣ ತಂಗಿ.

ಇವ್ನು ಒಂದೇ ವರ್ಸಕ್ಕೆ ಆ ಕೇರಿಗೆಲ್ಲ ಬೇಕಾದವ್ನು ಆಗ್ಬುಟ್ಟ. "ಹ್ವಾಯ್, ಪಂಪ್‌ಸ್ವಾಮಿ" ಅಂತ ಕರೆಯೋರು. ಮುದ್ದೆ ಉಣ್ಣೋದ ನೋಡಿ ಶೇಖರ ನಗೋನು. "ಸ್ವಾಮಿ, ಅದನ್ನ ಒಂದು ಹಗ್ಗಕ್ಕೆ ಕಟ್ಟಿ ಕೊಡಿ ಮಾರಾಯ್ರೆ, ಲಂಗರಿಗೆ ಬೇರೆ ಕಬ್ಣ ಬ್ಯಾಡ."

"ನಿಮ್ ಮೀನಿನ ಮುಳ್ಳು ಕೊಡಿ, ಅದ್ರಲ್ಲೇ ನಿಮ್ ಬಾಯಿ ಹೊಲೀತೀನಿ" ಅನ್ನೋನು ಇವ್ನು.

ಶೆಡ್ಡಲ್ಲಿ ಕೂತು ಮಾಡ್ತಿದ್ದವ್ನು ನಿಧಾನಕ್ಕೆ ದೋಣೀಗೂ ಅತ್ತುದ. ಇಂಜಿನ್ನು ಇಡಿಯೋನು ಬಿಟ್ಟೋದ ಅಂತ ದಾಮೋದರ ಕರ್ದ, ಇವ್ನು ಇಲ್ಲ ಅನ್ನಕಾಗ್ನಿಲ್ಲ. ಈಜು ಬರಲ್ವಲ್ಲ, ಅದ್ಕೇ ಆ ಕಿತ್ಲೆ ಬಣ್ಣದ ಜಾಕೀಟು ಅದೆ ನೋಡಿ, ನೀರ ಮ್ಯಾಲೆ ತೇಲ್ಸೋದು, ಅದ ಶೆಡ್ಡಲ್ಲೇ ಹಾಕ್ಕಂಡು ಬರೋನು. ದೋಣೀಲಿ ಮೂರು ಇದ್ವು. ಇವ್ನೊಬ್ಬನೇ ಹಾಕ್ಕಳೋನು. ದಾಮೋದರ ಅವಂದ ಮೂಲೇಗೆ ತೂಗಾಕಿದ್ದ. ಶೇಖರ ಅವಂದ ಮಡಿಸಿ ಕುಂಡಿ ಕೆಳೀಕೆ ಹಾಕ್ಕಂಡು ಕೂರೋನು, ಮೆತ್ತಗಿರ್ತದೆ ಅಂತ. "ಹುಟ್ಟಿದ್ದೇ ನೀರೊಳಗೆ, ನಮ್ಗೆ ಎಂತಕ್ಕೆ?" ಅನ್ನೋನು.

ದಾಮೋದರಂಗೆ ಒಂದೆರಡು ನೇಮ ಇತ್ತು ಅದೂ ಸತ್ಯ. ಮೀನು ದೋಣಿ ನಡುವೆ ಹಾಕ್ಬೇಕು. ಮುಂದ್ಗಡೆ ಮೂತೀಲಿ ಲಂಗರು, ಅದರ ಹಗ್ಗ ಸುತ್ತಿಟ್ಟಿರ್ಬೇಕು, ಅದರ ಮ್ಯಾಲೆ ಒಂದು ಟವಲ್ಲೂ ಇಡಂಗಿಲ್ಲ. ದೋಣಿ ಅಂಚು ನೀರಿಂದ ಒಂದು ಮೊಳ ಮ್ಯಾಲಿರ್ಬೇಕು, ಅಷ್ಟ್ಕಿಂತ ಇಳುದ್ರೆ ಸಾಕು, ಮೀನು ಎಷ್ಟೇ ಇರ್ಲಿ ವಾಪಸ್ಸು.

ಮೂರು ವರ್ಸದಿಂದೆ, ಏಪ್ರಿಲ್ ತಿಂಗ್ಳು. ದಾಮೋದರನ ಪೋನು ಆ ವಾರ ಉಪ್ಪು ನೀರಿಗೆ ಬಿದ್ದು ಸತ್ತೋಗಿತ್ತು. ಮೀನ್ಗಾರ್ರದ್ದು ಒಂದು ಗ್ರೂಪು ಇರ್ತದಲ್ಲ ಪೋನಲ್ಲಿ, ಗಾಳಿ, ಮಳೆ, ಅಲೆ ಅಂತ ಸರ್ಕಾರದ್ದು ಮೆಸೇಜು ಬತ್ತದಲ್ಲ, ಅದ ಮಲ್ಲಿಕಾರ್ಜುನಸ್ವಾಮಿ ಪೋನಲ್ಲೇ ನೋಡ್ಬೇಕಾಗಿತ್ತು. ಶೇಖರಂದು ಬಟನ್ ಪೋನು, ಅದ್ರಲ್ಲಿ ಗ್ರೂಪು ಇಲ್ಲ. ದಾಮೋದರ ದಿನಾ ಸಂಜೆ ಕೇಳೋನು, ಇವ್ನು ಯೋಳೋನು.

ಆವತ್ತು ಬೈಗು ಒತ್ತು ಮೆಸೇಜು ಬಂತು. ಉದ್ದುಕ್ಕಿತ್ತು. ಇವ್ನು ಮುದ್ದೆಗೆ ಎಸ್ರು ಇಟ್ಟಿದ್ದ, ಒಂದು ಕೈಲಿ ಕೋಲು, ಒಂದು ಕೈಲಿ ಪೋನು. ಅದ್ರಲ್ಲಿ ಇದ್ದದ್ದು ಇಷ್ಟು. ನಾಳೆ ಬೆಳಗ್ಗೆ ಹನ್ನೊಂದೂವರೆಯಿಂದ ನಾಡಿದ್ದು ರಾತ್ರಿ ತನಕ ಕರಾವಳಿಯಲ್ಲಿ ಎತ್ತರದ ಅಲೆ ಏಳುವ ಸಂಭವವಿದೆ. ದೂರ ಸಮುದ್ರದಿಂದ ಬರುವ ಉಬ್ಬು ಅಲೆ. ಅಳಿವೆಯಲ್ಲಿ, ದಡದ ಹತ್ತಿರ ಸಣ್ಣ ದೋಣಿ ಓಡಿಸಬಾರದು. ಕಟ್ಟಿದ ದೋಣಿಗಳ ನಡುವೆ ಅಂತರ ಇರಲಿ. ಕೆಳ್ಗಡೆ ಇನ್ನೊಂದು ಸಾಲು. ಮಳೆ ಇಲ್ಲ, ಗಾಳಿ ಸಾಧಾರಣ.

ದಾಮೋದರ ಬೇಲಿ ತಾವಿಂದ ಕೂಗ್ದ, "ಸ್ವಾಮಿ, ಎಂತ ಬಂತ್? ಮಳಿ ಗಾಳಿ ಎಂತಾರೂ ಇತ್ತಾ?"

ಇವ್ನು ಆಕಾಸ ನೋಡ್ದ. ಬೆಳಗಿದ ಇತ್ತಾಳೆ ತಂಬ್ಗೆ ಅಂಗೆ ಇತ್ತು, ಒಂದು ಚೂರು ಮೋಡ ಇಲ್ಲ. ನಮ್ಮ ಕಡೇರಿಗೆ ಆಕಾಸವೇ ಪಂಚಾಂಗ ಅಲ್ವಾ. ಬಿಳಿಗಿರಿ ಬೆಟ್ಟಕ್ಕೆ ಮೋಡ ಟೋಪಿ ಹಾಕುದ್ರೆ ಮಳೆ, ಇಲ್ದಿದ್ರೆ ಇಲ್ಲ. ನೀರು ಕೆಡೋದು ಅಂದ್ರೆ ಒಂದು ಮಳೆಗೆ, ಇಲ್ಲಾ ಮ್ಯಾಲೆ ಡ್ಯಾಮಲ್ಲಿ ಬಾಗ್ಲು ತೆಗೆದ್ರೆ. ಮಳೆ ಇಲ್ದೆ, ಗಾಳಿ ಇಲ್ದೆ, ಯಾವ್ದೋ ದೂರದಿಂದ ಅಲೆ ತಾನಾಗೇ ನಡ್ಕಂಡು ಬತ್ತದೆ ಅನ್ನೋದು ಅವ್ನ ತಲೇಲಿ ಕೂರ್ನಿಲ್ಲ. ಸಮುದ್ರ ಅಂದ್ಮ್ಯಾಲೆ ಅಲೆ ಇದ್ದೇ ಇರ್ತದಲ್ಲ, ಅದ್ರಲ್ಲೇನು ಯೋಳದು ಅಂತ.

"ಮಳೆ ಇಲ್ಲ, ಗಾಳಿ ಇಲ್ಲ, ಚೆನ್ನಾಗದೆ" ಅಂದ್ಬುಟ್ಟ.

ಎಸ್ರು ಕುದೀತಿತ್ತು. ಇಟ್ಟು ಹಾಕ್ದ. ಅಷ್ಟೇ ಆಗಿದ್ದು.

ಮಾರನೆ ದಿನ ಒತ್ತಾರೆ ಅಳಿವೇಲಿ ದೋಣಿ ಕಮ್ಮಿ ಇದ್ವು. ಆವತ್ತು ಕೇರೀಲಿ ಒಂದು ದೊಡ್ಡ ಮದ್ವೆ ಇತ್ತು, ಅದ್ಕೇ ಯಾರೂ ಹೊಂಟಿಲ್ಲ ಅಂದ್ಕಂಡ್ರು. ಈ ಮೂರು ಜನ ಹೊಂಟ್ರು, ದಾಮೋದರ, ಶೇಖರ, ಇವ್ನು. ಮಧ್ಯಾನ ಊಟಕ್ಕೆ ಬಂದ್ಬುಡನ ಅಂತ.

ಸಮುದ್ರ ತಣ್ಣಗಿತ್ತು. ಬಲೆ ಬಿಟ್ರು. ಬಂಗುಡೆ ಮೀನು ಅಂಗೆ ಬಿದ್ದಿದ್ದ ಅವ್ರು ಆ ವರ್ಸವೇ ಕಂಡಿರ್ನಿಲ್ಲ. ಬಲೆ ಎಳ್ದಂಗೆಲ್ಲ ಬೆಳ್ಳಿ ಎಳ್ದಂಗೆ. ಬುಟ್ಟಿ ತುಂಬುದ್ವು, ಬುಟ್ಟಿ ಮುಗ್ದು ದೋಣಿ ತಳಕ್ಕೇ ಸುರುದ್ರು. ಬಿಡ್ಸೋಕೆ ಒತ್ತಿಲ್ಲ ಅಂತ ಬಲೆ ಸಮೇತ ಹಾಕುದ್ರು. ದಾಮೋದರ ಅಂಚು ನೋಡ್ದ. ಒಂದು ಮೊಳ ಎಲ್ಲಿ, ಒಂದು ಗೇಣೂ ಇರ್ನಿಲ್ಲ. ನೋಡ್ದ, ತಿರ್ಗ ಬಲೆಗೇ ಕೈ ಹಾಕ್ದ. ಮೀನು ಬಿದ್ದ ದಿನ ಯಜಮಾನನ ಕಣ್ಗೆ ಅಂಚು ಕಾಣದೇ ಬ್ಯಾರೆ.

ಇಂಜಿನ್ನು ಇರೋದು ಇಂದ್ಗಡೆ. ಮಲ್ಲಿಕಾರ್ಜುನಸ್ವಾಮಿ ಕೂತಿದ್ದ ಜಾಗದಲ್ಲಿ ನೀರು ಹಲಗೆ ಮ್ಯಾಕೆ ನೆಕ್ತಿತ್ತು. ಅವ್ನಿಗೆ ಇಂದ್ಗಡೆ ಬಿದ್ದ ಭಾರ ಕಂಡ್ರೆ ಮೈ ಉರಿ. ಕಬ್ಬಿನ ಗಾಡಿ ಕಟ್ಟಿದ ಕೈ ಸುಮ್ಕಿರಕಿಲ್ಲ.

"ಇದು ಇಂಭಾರ ಆಗದೆ ಸಾ, ಮುಂದ್ಕೆ ಎಳೀಬೇಕು."

"ಇದು ಗಾಡಿಯಲ್ಲ ಸ್ವಾಮಿ, ದೋಣಿ" ಅಂದ ದಾಮೋದರ. ಅಂದ, ಆದ್ರೆ ಕೈ ಸೋತಿತ್ತು, ತಡೀನಿಲ್ಲ.

ಇವ್ನು ಮೊಣಕಾಲಲ್ಲಿ ತಳ್ಳಿ ತಳ್ಳಿ ಮೀನು ಬಲೆ ಎಲ್ಲಾನೂ ಮೂತಿ ಕಡೀಕೆ ಒಟ್ದ. ಶೇಖರ ಒಂದ್ಸಲ "ಲಂಗರಿನ ಹಗ್ಗ ಮುಚ್ಚಬ್ಯಾಡಿ ಸ್ವಾಮಿ" ಅಂದ. "ಇನ್ನೇನ್ ಅರ್ಧ ಗಂಟೆ, ದಡಕ್ಕೆ ಓದ್ಮ್ಯಾಲೆ ತೆಗ್ಯನ" ಅಂದ ಇವ್ನು. ದೋಣಿ ಮಟ್ಟ ಆಯ್ತು. ಇಂದಕ್ಕೆ ನಿಂತು ನೋಡಿ, ಇವತ್ತು ನಾನೊಂದು ಒಳ್ಳೇ ಕ್ಯಾಮೆ ಮಾಡ್ದೆ ಅಂದ್ಕಂಡ.

ಗಾಡಿಗೆ ಎತ್ತು ಮುಂದಿರ್ತಾವೆ ಕೂಸೇ, ಎಳೀತಾವೆ. ದೋಣಿಗೆ ಇಂದಿಂದ ನೂಕ್ತದೆ ಇಂಜಿನ್ನು, ಇಂದಿಂದ್ಲೇ ನೂಕ್ತದೆ ಅಲೇನೂ. ಮೂತಿ ಭಾರ ಆದ್ರೆ ಮೂತಿ ನೀರಿಗೆ ಊರ್ಕತದೆ, ಇಂದಿನ ಅಲೆ ಕುಂಡಿ ಎತ್ತಿ ಅಡ್ಡಕ್ಕೆ ತಿರುಗುಸ್ತದೆ. ಇದ ಅವ್ನು ಆಮ್ಯಾಲೆ ತಿಳ್ಕಂಡ. ಆಮ್ಯಾಲೆ ತಿಳ್ಕಂಡಿದ್ದು ಎಷ್ಟು ಕೆಲ್ಸಕ್ಕೆ ಬಂದಾತು.

ವಾಪಸ್ಸು ಬರ್ತಾ ಸಮುದ್ರ ಒಂಥರಾ ಆಗಿತ್ತು. ಅಲೆ ಒಡೀತಿರ್ನಿಲ್ಲ, ನೊರೆ ಇಲ್ಲ. ದೊಡ್ಡ ದೊಡ್ಡಕೆ, ಮಲಗಿರೋ ಎಮ್ಮೆ ಹೊಟ್ಟೆ ಉಸುರಾಡ್ದಂಗೆ, ದೋಣಿ ಸಮೇತ ನಿಧಾನಕ್ಕೆ ಎತ್ತೋದು, ನಿಧಾನಕ್ಕೆ ಇಳ್ಸೋದು. ದಾಮೋದರ ಎದ್ದು ನಿಂತು ಅಳಿವೆ ಕಡೆ ಕೈ ಅಡ್ಡ ಇಟ್ಕಂಡು ನೋಡ್ದ. ಅಲ್ಲಿ ಬೆಳ್ಳಗೆ ಗೋಡೆ ಏಳ್ತಿತ್ತು, ಬೀಳ್ತಿತ್ತು. ಆವಾಗ ಇಳಿತದ ಒತ್ತು, ಒಳೆ ನೀರು ಆಚೀಕೆ ನುಗ್ತಿರ್ತದೆ. ಆಚೆಯಿಂದ ಅಲೆ ಒಳೀಕೆ ನುಗ್ತದೆ. ಎರಡೂ ಡಿಕ್ಕಿ ಹೊಡ್ಕಂಡು ಅಲ್ಲೇ ನೆಟ್ಟಗೆ ಎದ್ದು ಮುರೀತಾವೆ. ಆಳ ಇರೋ ಕಡೆ ಎಮ್ಮೆ ಹೊಟ್ಟೆ, ಆಳ ಇಲ್ದ ಕಡೆ ಹಲ್ಲು.

"ಉಬ್ಬು ಬಂದಿತ್ತ್" ಅಂದ ದಾಮೋದರ. ಗಟ್ಟಿಯಾಗಿ ಅನ್ನಿಲ್ಲ. "ಹೊರಗೇ ನಿಂತ್ ಕಾಂಬ. ಒಳಗೆ ಹೋಪುದು ಬ್ಯಾಡ."

ಅದು ಸರಿಯಾದ ಮಾತು. ಆಚೆ ನಿಂತಿದ್ರೆ ನೀರು ಏರೋ ಗಂಟ ಕಾಯ್ಬೋದಿತ್ತು. ಮಲ್ಲಿಕಾರ್ಜುನಸ್ವಾಮಿಗೂ ಆ ಮಾತು ಕೇಳುಸ್ತು. ಉಬ್ಬು ಅಲೆ. ಅದೇ ಅಕ್ಷರ ನಿನ್ನೆ ಪೋನಲ್ಲಿ ಕಂಡಿದ್ದ. ಯೋಳನ ಅಂತ ಬಾಯಿ ತೆಗ್ದ. ಅಷ್ಟ್ರಲ್ಲಿ ಕಿವಿ ಇಂಜಿನ್ ಕಡೀಕೆ ತಿರುಗ್ತು.

ಇಂಜಿನ್ನಿಗೆ ಪಕ್ದಲ್ಲಿ ಒಂದು ತೂತಲ್ಲಿ ನೀರು ಚಿಮ್ತಿರ್ತದೆ. ತಣ್ಣಗೆ ಮಾಡೋ ನೀರು, ಒಳಗೆ ಓಡಾಡ್ಕಂಡು ಆಚೆ ಬತ್ತದೆ. ದೋಣಿಯೋರು ಅದ್ಕೆ ಏನೋ ಪೋಲಿ ಹೆಸ್ರು ಇಟ್ಟವ್ರೆ, ಬಿಡಿ. ಆ ಚಿಮ್ಮೋ ನೀರು ನಿಂತಿತ್ತು. ಕೆಳ್ಗಡೆ ನೀರು ಎಳ್ಕಳೋ ಜಾಗಕ್ಕೆ ಪ್ಲಾಸ್ಟಿಕ್ ಕವರು ಸುತ್ಕಂಡಿರ್ಬೇಕು. ಭಾರ ಎಳ್ದು ಎಳ್ದು ಮೊದ್ಲೇ ಕಾದಿತ್ತು, ಮೂತಿ ಭಾರಕ್ಕೆ ಇಂದ್ಗಡೆ ಎದ್ದಾಗೆಲ್ಲ ನೀರಲ್ಲಿ ತಿರುಗೋ ಫ್ಯಾನು ಗಾಳೀಲಿ ಕಿರ್ಚ್ಕತಿತ್ತು. ಇನ್ನೊಂದು ನಿಮಿಷ ಓಡುಸುದ್ರೆ ಪಿಸ್ಟನ್ನು ಇಡ್ಕಂಡೋಯ್ತದೆ. ಪೆಟ್ರೋಲಿಗೆ ತಿರುಗ್ಸಿ ಓಡ್ಸೋಕೆ ಒತ್ತು ಎಲ್ಲಿ? ಜನ್ಮ ಪೂರ್ತಿ ಎಲ್ರಿಗೂ ಬ್ಯಾಡ ಅಂತ ಬೈದಿದ್ದ ಕೆಲ್ಸವ ಮಾಡ್ದ. ಸೀಮೆಎಣ್ಣೇಲೇ ನಿಲ್ಸುದ.

"ಎಂತ ಸ್ವಾಮಿ?"

"ಕವರು ಸಿಕ್ಕದೆ. ಐದು ನಿಮಿಷ ಕೊಡಿ. ಲಂಗರು ಹಾಕಿ."

ಲಂಗರು ಹಾಕುದ್ರೆ ದೋಣಿ ಮೂತಿ ಅಲೆಗೆ ಕೊಟ್ಕಂಡು ಆಚೆಯೇ ನಿಲ್ತದೆ. ಐದು ನಿಮಿಷ ಏನು, ಐದು ಗಂಟೆ ನಿಲ್ತದೆ. ಶೇಖರ ಮುಂದಕ್ಕೆ ಓಡ್ದ. ಅಲ್ಲಿ ಲಂಗರೆಲ್ಲಿ? ಸೊಂಟದ ಗಂಟ ಮೀನು. ಮೀನಿನ ಒಳ್ಗೆ ಬಲೆ. ಬಲೆ ಒಳ್ಗೆ ಹಗ್ಗ.

"ಚೆಲ್ಲಿ" ಅಂದ ದಾಮೋದರ. "ಪೂರಾ ಚೆಲ್ಲಿ, ಮೀನ್ ಹಾಳಾಯ್ಲಿ."

ಇಬ್ರೂ ತೋಳಲ್ಲಿ ಬಾಚಿ ಬಾಚಿ ಸಮುದ್ರಕ್ಕೆ ಎಸುದ್ರು. ಇತ್ಲಾಗೆ ಇವ್ನು ಇಂಜಿನ್ನ ಓರೆ ಎತ್ತಿ ಕವರ್ ಕಿತ್ತ. ಬಟ್ಲಿನ ತಿರುಪು ಬಿಚ್ಚಿ ಸೀಮೆಎಣ್ಣೆ ಸೋರುಸ್ದ, ಪೆಟ್ರೋಲ್ ಬಿಟ್ಟ, ಹಗ್ಗ ಎಳ್ದ. ಕೆಮ್ತು. ಎಳ್ದ. ಕೆಮ್ತು. ಅವ್ನ ಕೈ ನೆಟ್ಟಗೇ ಇತ್ತು. ದೋಣಿ ಮಾತ್ರ ಅಳಿವೆ ಕಡೀಕೆ ಜಾರ್ತಾನೇ ಇತ್ತು, ಅಡ್ಡ ತಿರುಕ್ಕಂಡು.

ಶೇಖರಂಗೆ ಲಂಗರು ಸಿಕ್ತು. ಎತ್ತುದ. ಹಗ್ಗ ಬಲೇಲಿ ಗೋಜಾಗಿತ್ತು, ಕಾಲೂ ಬಲೆ ಒಳ್ಗೇ ಇತ್ತು. ಮೊದಲ್ನೇ ಅಲೆ ಅಡ್ಡ ಬಂದು ದೋಣಿ ಅರ್ಧ ತುಂಬುಸ್ತು. ಇಂಜಿನ್ನು ಆವಾಗ ಎದ್ದಿತು. ನಿಜ್ವಾಗ್ಲೂ ಎದ್ದಿತು, ಒಂದು ಉಸುರು ಬಡ್ಕಂಡ್ತು. ಎರಡ್ನೇ ಅಲೆ ಮಗುಚಾಕ್ತು.

ಇವ್ನು ಜಾಕೀಟಲ್ಲಿ ಮ್ಯಾಕೆ ಬಂದ. ಉಪ್ಪುನೀರು ಕಕ್ಕಂಡು ಕಣ್ ಬಿಟ್ರೆ ದೋಣಿ ಬೆನ್ನು ಕಾಣ್ತು. ದಾಮೋದರ ಅದ್ಕೆ ಒಂದು ಕೈ ಹಾಕಿ, ಇನ್ನೊಂದು ಕೈಲಿ ಇವ್ನ ಜಾಕೀಟು ಇಡ್ಕಂಡ. ಇಡ್ಕಂಡು ಕೂಗ್ತಿದ್ದ, "ಶೇಖರಾ, ಹೋ ಶೇಖರಾ" ಅಂತ. ಶೇಖರನ ಕಿತ್ಲೆ ಬಣ್ಣದ್ದು ಮಡಿಸ್ದಂಗೇ ದೂರದಲ್ಲಿ ತೇಲ್ಕಂಡು ಓಗ್ತಿತ್ತು. ಅವ್ನು ಅದ್ರ ತಾವ ಇರ್ನಿಲ್ಲ.

ಮದ್ವೆ ಮನೆಯಿಂದ ಓಡಿ ಬಂದೋರು ಹಗ್ಗ ಕಟ್ಟಿ ಇವ್ರಿಬ್ರನ್ನ ಎಳುದ್ರು. ಶೇಖರ ಮಾರನೆ ದಿನ ಸಿಕ್ದ, ಬಡಗ್ಲಾಗೆ ಎರಡು ಮೈಲಿ ಮರಳ್ ಮ್ಯಾಲೆ. ಕಾಲಿಗೆ ಬಲೆ ಅಂಗೇ ಇತ್ತಂತೆ. ಮೂವತ್ತೊಂಬತ್ತು ವಯಸ್ಸು.

ದಡದಲ್ಲಿ ಒಂದು ಮಾತು ಆಯ್ತು, ಅದೇ ಈ ಕತೆ. ಇವ್ನು ಕಂಬ್ಳಿ ಒದ್ಕಂಡು ಕೂತಿದ್ದ. ಜನ ದಾಮೋದರನ ಸುತ್ಕಂಡ್ರು. "ನಿನ್ನೆ ಸಂಜೆಯೇ ಮೆಸೇಜ್ ಬಂದಿತಲ್ಲ, ಎಲ್ಲರಿಗೂ ಬಂದಿತ್ತ್. ನಿಂಗ್ ಬರ್ಲಿಲ್ಯಾ?" ಅಂದ್ರು.

"ಇಲ್ಲೆ" ಅಂದ ದಾಮೋದರ. "ಮಳಿ ಗಾಳಿ ಇಲ್ಲೆ ಅಂದೇ ಬಂದದ್ದ್."

ಪೋನು ಕೆಟ್ಟಿತ್ತು ಅಂತಾಗ್ಲಿ, ಓದಿ ಯೋಳ್ದೋನು ಇಂತಾವ್ನು ಅಂತಾಗ್ಲಿ ಅವ್ನು ಎತ್ನಿಲ್ಲ. ಯಾರೂ ನಂಬ್ನಿಲ್ಲ. ಮೀನಿನ ಆಸೆಗೆ ಸುಳ್ಳು ಯೋಳ್ತಾವ್ನೆ ಅಂದ್ಕಂಡ್ರು. ಜಲಜ ಅಣ್ಣನ ಮುಖ ನೋಡುದ್ಲು. "ಗೊತ್ತಿದ್ದೇ ಕರ್ಕಂಡ್ ಹೋದ್ಯಲ್ಲ" ಅಂದ್ಲು. ಅಷ್ಟೇ. ಆವತ್ತಿಂದ ಮಾತು ಬಿಟ್ಳು. ಬೇಲಿ ಕಂಡಿಗೆ ಯಾರೋ ಮುಳ್ಳು ಕಡ್ಡಿ ಇಟ್ರು.

ಮಲ್ಲಿಕಾರ್ಜುನಸ್ವಾಮಿ ಕಂಬ್ಳಿ ಒಳ್ಗೆ ಕೂತೇ ಇದ್ದ. ಅವ್ನ ಪೋನು ಸಮುದ್ರದ ತಳ ಸೇರಿತ್ತು. ನಂಗೆ ಬಂದಿತ್ತು, ನಾನು ಓದಿದ್ದೆ ಅಂತ ಯೋಳಕ್ಕೆ ಒಂದೇ ಬಾಯಿ ಇದ್ದಿದ್ದು, ಅದು ಅವಂದು. ಅದು ತೆರೀನಿಲ್ಲ.

ಮಾಂಬಳ್ಳಿಗೆ ಬಂದ. ಜನ ಬಂದು ನೋಡ್ಕಂಡು, ಶಿವ ಕಾಪಾಡ್ದ ಕಣಪ್ಪ ಅಂದು ಎಳ್ನೀರು ಕೊಟ್ಟು ಓಗೋರು. ಮಗ್ಳು ಕೋಮಲ ಹೊಸ ಪೋನು ತಂದ್ಕೊಟ್ರೆ ಕವರೂ ಬಿಚ್ನಿಲ್ಲ. ಇಟ್ಟು ಮುಂದಿಟ್ರೆ ಕೈ ಅದ್ದಿ ಕೂರೋನು, ನುಂಗೋನಲ್ಲ. ಶಿವರತ್ನಮ್ಮ ಒಂದು ವಾರ ನೋಡುದ್ಲು, ಒಂದು ತಿಂಗ್ಳು ನೋಡುದ್ಲು. ಒಂದು ಮಧ್ಯಾನ ಅಟ್ಟಿಲಿ ಉಚ್ಚೆಳ್ಳು ಕೇರ್ತಾ ಕೇಳುದ್ಲು.

"ನೀರಿಗೆ ಎದ್ರಿದೋರು ಇಂಗಿರಕಿಲ್ಲ ಕಣ್ರಿ. ಎದ್ರಿದೋರು ಮಾತಾಡ್ತಾರೆ, ನೂರ್ಸಲ ಅದ್ನೇ ಯೋಳ್ತಾರೆ. ನೀವು ಏನೋ ಬಚ್ಚಿಟ್ಟಿದ್ದೀರಿ."

ಆವಾಗ ಯೋಳ್ದ. ಎಲ್ಲಾನೂ. ಎಸ್ರು ಇಟ್ಟಿದ್ದು, ಆಕಾಸ ನೋಡಿದ್ದು, ಮುಂಭಾರ ಮಾಡಿದ್ದು. ಅವ್ಳು ಮೊರ ಕೆಳಗಿಟ್ಳು.

"ಅಲ್ಲಿ ಅಣ್ಣ ತಂಗಿ ಮಾತಾಡ್ತಾವ್ರಾ?"

"ಇಲ್ವಂತೆ. ಸದಾಶಿವಪ್ಪ ಅಂದ, ಬೇಲಿಗೆ ಮುಳ್ಳು ಬಿದ್ದದಂತೆ."

"ಸತ್ತವ್ನ ತಂದ್ಕೊಡಕ್ಕೆ ನಿಮ್ ಕೈಲಾಗಕಿಲ್ಲ. ಇದು ಆಯ್ತದೆ."

"ಹೊಡುದ್ರೆ?"

"ಹೊಡ್ಸ್ಕಂಡು ಬನ್ನಿ. ಬೆನ್ನಿಗೆ ನಾನು ಶಾಖ ಕೊಡ್ತೀನಿ" ಅಂದ್ಬುಟ್ಟು ತಿರ್ಗ ಮೊರ ಎತ್ಕಂಡ್ಲು. ಅವ್ಳ ಕಣ್ಣಲ್ಲಿ ನೀರಿತ್ತು, ಆದ್ರೂ ಕೇರದು ನಿಲ್ಸ್ನಿಲ್ಲ.

ಯಳಂದೂರಲ್ಲಿ ಬಸ್ಸು ಅತ್ತುದ, ಮೈಸೂರಲ್ಲಿ ಇಳ್ದು ಇನ್ನೊಂದು ಅತ್ತುದ. ಘಾಟಿ ಇಳೀತಾ ಎರಡ್ಸಲ ವಾಪಸ್ ಓಗ್ಬುಡನ ಅನ್ನುಸ್ತಂತೆ. ಕೋಡಿಗದ್ದೆ ಮುಟ್ಟೋ ಒತ್ಗೆ ಹಗಲು ಹನ್ನೊಂದು ಗಂಟೆ. ಶೆಡ್ಡಿಗೆ ಓಗ್ನಿಲ್ಲ, ದಾಮೋದರನ ಮನೆಗೆ ಓಗ್ನಿಲ್ಲ. ನೆಟ್ಟಗೆ ಜಲಜನ ಬಾಗ್ಲಿಗೆ ಓಗಿ ನಿಂತ.

ಅವ್ಳು ಅಂಗ್ಳದಲ್ಲಿ ತೆಂಗಿನ ಗರಿ ಸೀಳ್ತಿದ್ಲು. "ಕೂತ್ಕಣಿ ಸ್ವಾಮಿ" ಅಂದ್ಲು. ಇವ್ನು ಕೂರ್ನಿಲ್ಲ.

"ಮೆಸೇಜು ನಿಮ್ಮಣ್ಣಂಗೆ ಬಂದಿರ್ನಿಲ್ಲ ಕಣವ್ವ. ಅವ್ರ ಪೋನು ಕೆಟ್ಟಿತ್ತು. ಬಂದಿದ್ದು ನಂಗೆ. ಅವ್ರು ಕೇಳುದ್ರು. ನಾನು ಮಳೆ ಇಲ್ಲ ಗಾಳಿ ಇಲ್ಲ ಅನ್ನೋ ಸಾಲು ಯೋಳ್ದೆ. ಅಲೆ ಅನ್ನೋ ಸಾಲು ಯೋಳ್ನಿಲ್ಲ. ಬಚ್ಚಿಡ್ಬೇಕು ಅಂತಲ್ಲ. ಅದೇನು ಅಂತ ನಂಗೆ ಗೊತ್ತಿರ್ನಿಲ್ಲ, ಗೊತ್ತಿಲ್ಲ ಅಂತಾನೂ ಗೊತ್ತಿರ್ನಿಲ್ಲ. ಲಂಗರಿನ ಮ್ಯಾಲೆ ಮೀನು ಒಟ್ಟಿದ್ದೂ ನಾನೇ. ನಿಮ್ಮ ಯಜಮಾನ್ರು ಬ್ಯಾಡ ಅಂದ್ರು."

ಗರಿ ಸೀಳೋ ಕತ್ತಿ ನಿಂತೋಯ್ತು. ಕಾಗೆ ಬಂದು ಗರಿ ಮ್ಯಾಲೆ ಕೂತು ಎದ್ದೋಯ್ತು.

"ಅದ್ರೊಳಗೆ ಎಂತ ಬರ್ದಿತ್ತ್?" ಅಂದ್ಲು ಆಮ್ಯಾಲೆ. "ಪೂರಾ ಹೇಳಿ."

ಅವ್ನಿಗೆ ಅದು ಬಾಯಿಪಾಠ ಆಗೋಗಿತ್ತು. ನಲವತ್ತು ದಿನ ಅದ್ನೇ ಓದ್ಕಂಡು ಮಲಗಿದ್ನಲ್ಲ. ನಿಂತ್ಕಂಡು ಒಪ್ಪುಸ್ದ, ಮಗ್ಗಿ ಒಪ್ಪುಸ್ದಂಗೆ. ಹನ್ನೊಂದೂವರೆ ಅಂದ. ಎತ್ತರದ ಅಲೆ ಅಂದ. ಸಣ್ಣ ದೋಣಿ ಓಡಿಸಬಾರದು ಅಂದ. ಕೊನೇ ಸಾಲಿನ ಗಂಟ ಯೋಳಿ ಮುಗುಸ್ದ.

ಅವ್ಳು ಎದ್ದು ಬೇಲಿ ತಾವ ಓಗಿ ಮುಳ್ಳು ಕಡ್ಡಿ ಎತ್ತಾಕುದ್ಲು.

"ಅಣ್ಣಾ" ಅಂದ್ಲು.

ದಾಮೋದರ ಬಂದ. ಬಾಳ ಇಳ್ದೋಗಿದ್ದ, ಗಡ್ಡ ಬಿಟ್ಟಿದ್ದ. ಇವ್ನ ನೋಡಿ ನಿಂತ್ಕಂಡ. ಜಲಜ "ಇನ್ನೊಂದು ಸಲ ಹೇಳಿ" ಅಂದ್ಲು. ಇವ್ನು ಮೊದಲಿಂದ ಯೋಳ್ದ, ಒಂದಕ್ಷರ ಬಿಡ್ದಂಗೆ. ದಾಮೋದರ ಕೈ ಎತ್ತುತಾನೆ ಅಂತ ಕಾದ. ದಾಮೋದರ ಜಗ್ಲಿ ಮ್ಯಾಲೆ ಕೂತ್ಬುಟ್ಟ.

"ಪೋನ್ ನನ್ ಕೈಗೆ ಕೊಡಿ, ನಾ ಓದ್ತೆ ಅಂದಿದ್ರೆ ಆತಿತ್ತ್" ಅಂದ. "ಕೇಂಡದ್ದೇ ಅರ್ಧ ನಾನ್. ಅಂಚು ಮುಳುಗುದು ಕಂಡೂ ತುಂಬ್ಸಿದ್ದ್ ನಾನ್." ತಂಗಿ ಕಡೆ ನೋಡ್ದೆ ನೆಲಕ್ಕೆ ಯೋಳ್ದಂಗೆ ಯೋಳ್ದ.

ಜಲಜ ಒಳೀಕೆ ಓಗಿ ಒಂದು ತಟ್ಟೇಲಿ ಗಂಜಿ ತಂದು ಅಣ್ಣನ ಮುಂದೆ ಇಟ್ಳು. ಉಪ್ಪಿನಕಾಯಿ ಇಟ್ಳು. ಅವ್ನು ಕೈ ಹಾಕ್ನಿಲ್ಲ. "ಉಣ್ಣು" ಅಂದ್ಲು. ಅವ್ನು ಉಂಡ. ಅಳ್ತಾ ಉಂಡ, ಅವ್ಳು ನಿಂತು ನೋಡುದ್ಲು.

ಇವ್ನಿಗೆ ಕೂರು ಅಂತ ಎರಡ್ನೇ ಸಲ ಯಾರೂ ಅನ್ನಿಲ್ಲ. ಅವ್ಳು ತಿರುಗಿ, "ನೀವು ಹೊರಡಿ ಸ್ವಾಮಿ. ಬಸ್ಸಿಗೆ ಹೊತ್ತಾತ್ತ್" ಅಂದ್ಲು. ಸಿಟ್ಟಲ್ಲೂ ಅಲ್ಲ, ಪ್ರೀತೀಲೂ ಅಲ್ಲ.

ಇವ್ನು ಕೈ ಮುಗ್ದ. ಗೇಟು ದಾಟಿ ಮರಳ ದಾರೀಲಿ ನಡ್ದ. ಇಂದಿಂದ ತಟ್ಟೆಗೆ ಕೈ ತಾಗೋ ಸದ್ದು ವಸಿ ದೂರದ ಗಂಟ ಕೇಳುಸ್ತಿತ್ತು. ಯಾರೂ ಕರೀನಿಲ್ಲ. ಕರೀದೆ ಇದ್ದಿದ್ದು ಸರಿ ಅಂತ್ಲೇ ಅನ್ನುಸ್ತು ಅವ್ನಿಗೆ. ಬಸ್ಸು ಬರೋಕೆ ಇನ್ನೂ ಒತ್ತಿತ್ತು. ಹಸಿವಾಯ್ತು. ನಲವತ್ತು ದಿನಕ್ಕೆ ಮೊದಲ್ನೇ ಸಲ ಹಸಿವಾಗಿದ್ದು. ಚೀಲ ಬಿಚ್ಚಿ, ಶಿವರತ್ನಮ್ಮ ಕಟ್ಟಿದ್ದ ರೊಟ್ಟಿ ತೆಗ್ದು, ಬಸ್ ಸ್ಟಾಪಿನ ಕಲ್ಲ ಮ್ಯಾಲೆ ಒಬ್ನೇ ಕೂತು ಉಂಡ.